ಟಿಕೆಟ್ ಮಾವ

ಹನುಮಂತನಗರದ ನಮ್ಮ ಬಳಗದಲ್ಲಿ ಸಿನಿಮಾಕ್ಕೆ ಹೋಗೋಣ ಅಂತ ಯಾರು ಬೇಕಾದರೂ ಹೇಳಬಹುದು. ಟಿಕೆಟ್ ಬುಕ್ ಮಾಡುವ ಹಕ್ಕು ಮಾತ್ರ ಒಬ್ಬರದೇ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದ ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಮದುವೆ ಪತ್ರಿಕೆಗಳಲ್ಲಷ್ಟೇ ಕಾಣುತ್ತದೆ. ಉಳಿದಂತೆ ಚಿಕ್ಕವರಿಗೂ ದೊಡ್ಡವರಿಗೂ ಅವರು ಟಿಕೆಟ್ ಮಾವ.

ಮಾವನಿಗೆ ಸಿನಿಮಾದಲ್ಲಿ ಅಂಥ ಆಸಕ್ತಿಯೇನೂ ಇಲ್ಲ. ನಾಯಕ ಯಾರು ಅನ್ನುವುದು ಗೊತ್ತಾಗುವುದು ಇಂಟರ್ವಲ್ ಹೊತ್ತಿಗೆ. ಅವರ ಸಿನಿಮಾ ಶುರುವಾಗುವುದು ಹಿಂದಿನ ದಿನ ರಾತ್ರಿ, ಊಟ ಮುಗಿಸಿ, ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದಾಗ. ಪಕ್ಕದಲ್ಲಿ ಹಳೇ ಡೈರಿ, ಅದರ ಮೇಲೆ ಬಾಲ್‌ಪೆನ್ನು.

ಹೋದ ಸಲ ಏಳು ಜನ ಹೊರಟೆವು. ಐದು ಪ್ರೈಮ್ ಸೀಟು, ಎರಡು ರಿಕ್ಲೈನರ್. ರಿಕ್ಲೈನರ್ ಬೇಕೆಂದವರು ಮಾವನ ಬಾವ, ಬೆನ್ನು ನೋವಂತೆ. ‘ಬೆನ್ನು ನೋವು ಅವರಿಗೆ, ಕಾಲು ಚಾಚೋದು ಅಕ್ಕನೂ’ ಎಂದು ಗೊಣಗಿದರೂ ಮಾವ ಆ ಎರಡು ಚೌಕಗಳನ್ನೂ ಒತ್ತಿದರು. ಒತ್ತಿದ ಮೇಲೆ ಸೀಟುಗಳು ನಮಗೆ ಕಾದಿರುವುದು ಕೆಲವೇ ನಿಮಿಷ, ತೆರೆಯ ಮೇಲೆ ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. ಆ ಕೆಲವು ನಿಮಿಷದಲ್ಲಿ ಮಾವ ಫ್ಯಾಮಿಲಿ ಗ್ರೂಪಿಗೆ ಸೀಟಿನ ನಕ್ಷೆ ಕಳಿಸಿ ಎಲ್ಲರ ಒಪ್ಪಿಗೆ ಕೇಳುತ್ತಾರೆ. ಒಬ್ಬರು ಹೆಬ್ಬೆರಳು ಎತ್ತುತ್ತಾರೆ, ಇನ್ನೊಬ್ಬರು ಗುಡ್ ನೈಟ್ ಹೂವು ಕಳಿಸುತ್ತಾರೆ. ಅಷ್ಟರಲ್ಲಿ ಗಡಿಯಾರ ಸೊನ್ನೆಗೆ ಬಂದು ಸೀಟು ಕೈಬಿಟ್ಟು ಹೋಗುತ್ತದೆ. ಮತ್ತೆ ಮೊದಲಿಂದ.

ಎರಡನೇ ಸುತ್ತಿನಲ್ಲಿ ಬಿಲ್ಲು ಬಂತು. ಪ್ರೈಮ್‌ಗೆ ತಲಾ 236, ರಿಕ್ಲೈನರ್‌ಗೆ 472. ಬೇರೆಯವರಾದರೆ ಹಣ ಕಟ್ಟಿ ಮಲಗುತ್ತಿದ್ದರು. ಮಾವ ಡೈರಿ ತೆರೆದರು.

‘ನೋಡಪ್ಪಾ, 236 ಅಂದ್ರೆ ಸೀಟಿನ ಬೆಲೆ 200, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 36. ತೆರಿಗೆ ಒಳಗೇ ಸೇರಿಸಿ ತೋರಿಸ್ತಾರೆ, ಅದಕ್ಕೇ ಕಣ್ಣಿಗೆ ಬೀಳಲ್ಲ.’

200 ಎಂಬ ಅಂಕಿ ಬಂದರೆ ಮಾವ ಒಂದು ಗಳಿಗೆ ಸುಮ್ಮನಾಗುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಸಿನಿಮಾ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತ್ತು. ಮಾವ ಮನೆಯವರಿಗೆಲ್ಲ ಜಾಮೂನು ಹಂಚಿ, ‘ಇನ್ಮೇಲೆ ಬಾಯಿ ಮುಚ್ಕೊಂಡು 236’ ಎಂದು ಸಾರಿದ್ದರು. ಅದೇ ತಿಂಗಳ 23ರಂದು ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಜಾಮೂನಿನ ಖರ್ಚು ಮಾವನ ತಲೆ ಮೇಲೇ ಉಳಿಯಿತು. ನಮಗೆ ಹೋದ ಸಲ 236 ಸಿಕ್ಕಿದ್ದು ವಾರದ ನಡುವಿನ ಬೆಳಗಿನ ಆಟವಾದ್ದರಿಂದ.

ಟಿಕೆಟ್‌ನ ಲೆಕ್ಕ 2,124ಕ್ಕೆ ನಿಂತಿತು. ಮಾವನ ನಿಜವಾದ ವೈರಿ ಅದರ ಕೆಳಗಿನ ಸಾಲಿನಲ್ಲಿರುತ್ತಾನೆ: ಕನ್ವೀನಿಯನ್ಸ್ ಫೀ, 247 ರೂಪಾಯಿ 80 ಪೈಸೆ. ಪಕ್ಕದಲ್ಲಿದ್ದ ಸಣ್ಣ ಬಾಣದ ಗುರುತು ಒತ್ತಿದರೆ ಅದೂ ಬಿಚ್ಚಿಕೊಳ್ಳುತ್ತದೆ. ಟಿಕೆಟ್ಟಿಗೆ 30ರಂತೆ ಏಳಕ್ಕೆ 210, ಆ ಶುಲ್ಕದ ಮೇಲೂ 18 ಪರ್ಸೆಂಟ್ ತೆರಿಗೆ 37.80.

‘ನಾನು ಒತ್ತಿದ್ದು ಒಂದು ಬಟನ್ನು. ಬಂದಿದ್ದು ಒಂದು ಮೆಸೇಜು. ಏಳು ಸಲ ಯಾಕೋ ದುಡ್ಡು?’

ಪ್ರಶ್ನೆ ನ್ಯಾಯವಾದದ್ದೇ. ಈ ಶುಲ್ಕ ಎಷ್ಟು ಸಲ ಬುಕ್ ಮಾಡಿದಿರಿ ಎಂದು ನೋಡುವುದಿಲ್ಲ, ತಲೆ ಎಣಿಸುತ್ತದೆ. ಹಾಗಾಗಿ ಗುಂಪು ಕಟ್ಟಿಕೊಂಡು ಹೋದರೆ ಒಂದು ಪೈಸೆಯೂ ಉಳಿಯದು. ಜತೆಗೆ, ನಮ್ಮ ಬಿಲ್ಲಿನಲ್ಲಿ ಇದು ಎರಡು ದರ್ಜೆಗೂ ಒಂದೇ ಇತ್ತು: ತಲಾ 35.40. ಪ್ರೈಮ್‌ನವರಿಗೆ ಅದು ಟಿಕೆಟ್‌ನ ನೂರಕ್ಕೆ ಹದಿನೈದು ಪಾಲು, ಒರಗಿ ಕೂರುವ ಬಾವನಿಗೆ ಏಳೂವರೆ. ಅಗ್ಗದ ಸೀಟಿನವರ ಗತಿ ಇನ್ನೂ ಕಷ್ಟ. 100 ರೂಪಾಯಿವರೆಗಿನ ಟಿಕೆಟ್‌ಗೆ ಈಗ ತೆರಿಗೆ ಐದೇ ಪರ್ಸೆಂಟ್, ಒಟ್ಟು 105. ಅದರ ಮೇಲೆ ಇದೇ ಶುಲ್ಕ ಬಿದ್ದರೆ ಟಿಕೆಟ್‌ನ ಮೂರನೇ ಒಂದು ಪಾಲು! ಇನ್ನು ಥಿಯೇಟರಿನವನು ಬೆಲೆಯನ್ನು 101 ಮಾಡಿದನೋ, ತೆರಿಗೆ 18ಕ್ಕೆ ಹಾರಿ ಟಿಕೆಟ್ 119 ರೂಪಾಯಿ 18 ಪೈಸೆ ಆಗುತ್ತದೆ. ‘ಅವನು ಒಂದು ರೂಪಾಯಿ ಜಾಸ್ತಿ ಮಾಡಿದ್ರೆ ನಂಗೆ ಹದಿನಾಲ್ಕು ರೂಪಾಯಿ ಏಟು’ ಅನ್ನುವ ಈ ಮಾತನ್ನು ಮಾವ ಮುಂಜಿ ಮನೆಯ ಪಂಕ್ತಿಯಲ್ಲೂ ಹೇಳಿದ್ದಾರೆ.

ಶುಲ್ಕ ತಪ್ಪಿಸಲು ದಾರಿ ಒಂದೇ, ಕೌಂಟರಿಗೆ ಹೋಗಿ ಕೊಳ್ಳುವುದು. ಹನುಮಂತನಗರದಿಂದ ಥಿಯೇಟರಿರುವ ಮಾಲ್‌ಗೆ ಆಟೋದಲ್ಲಿ ಹೋಗಿ ಬಂದರೆ 247.80 ಉಳಿಸಲು ಅದಕ್ಕಿಂತ ಹೆಚ್ಚು ಖರ್ಚು. ಮಾವ ಅದಕ್ಕೂ ಉಪಾಯ ಹುಡುಕಿದ್ದರು. ‘ನಿನಗೆ ಶಕ್ತಿ ಯೋಜನೇಲಿ ಬಸ್ಸು ಫ್ರೀ. ನೀನೇ ಹೋಗಿ ತಂದ್ಬಿಡೇ.’

ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತಲಿಲ್ಲ. ‘ರೀ, ಬಸ್ಸು ಫ್ರೀ. ನಾನು ಫ್ರೀ ಇಲ್ಲ.’

ಆಪ್‌ನಲ್ಲೇ ಮುಂದುವರಿದರು. ಹಣ ಕಟ್ಟುವ ಮೊದಲು ಕಾಂಬೊ ಹಲ್ಲು ಕಿಸಿಯಿತು. ಒಂದು ಟಬ್ ಪಾಪ್‌ಕಾರ್ನ್ 350, ಎರಡು ಕೂಲ್‌ಡ್ರಿಂಕ್ 220, ಬಿಡಿಯಾಗಿ 570. ಈಗಲೇ ಸೇರಿಸಿದರೆ 490. ಎಂಬತ್ತು ರೂಪಾಯಿ ಉಳಿತಾಯ ಎಂದು ಹಸಿರು ಬಣ್ಣದಲ್ಲಿ ಬರೆದಿತ್ತು. ಶುಲ್ಕಕ್ಕೆ ಅಷ್ಟು ಕೂಗಾಡಿದ ಮಾವ ಹಸಿರು ಬಣ್ಣಕ್ಕೆ ಕರಗಿಹೋದರು. ಮೂರು ಕಾಂಬೊ ಹಾಕಿಯೇಬಿಟ್ಟರು! 1,470, ಐದು ಪರ್ಸೆಂಟ್ ತೆರಿಗೆ 73.50, ಒಟ್ಟು 1,543.50. ಮನೆಯಲ್ಲಿ ಪಾಪ್‌ಕಾರ್ನ್ ಬೇಕು ಅಂದವರು ಒಬ್ಬರೂ ಇರಲಿಲ್ಲ. ಬೇಡದ ವಸ್ತುವನ್ನು ಕೊಂಡು 240 ಉಳಿಸಿದ ಹೆಮ್ಮೆ ಅವರ ಮುಖದಲ್ಲಿ ಮರುದಿನದವರೆಗೂ ಇತ್ತು.

ತಿಂಡಿಗೆ ಐದೇ ಪರ್ಸೆಂಟ್ ಏಕೆ ಎಂಬುದೂ ಅವರಿಗೆ ಕಂಠಪಾಠ. ಥಿಯೇಟರಿನ ತಿಂಡಿಯನ್ನು ಬೇರೆಯಾಗಿ ಮಾರಿದರೆ ಹೋಟೆಲಿನ ದರ ಎಂದು 2023ರಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು. ಟಿಕೆಟ್ಟಿನೊಳಗೇ ಕಟ್ಟಿ ಒಂದೇ ಬೆಲೆಗೆ ಕೊಟ್ಟರೆ ಪಾಪ್‌ಕಾರ್ನಿಗೂ ಟಿಕೆಟ್ಟಿನ ತೆರಿಗೆಯೇ ಬೀಳಬಹುದು. ಆದ್ದರಿಂದ ‘ಟಿಕೆಟ್ ಜತೆ ತಿಂಡಿ ಫ್ರೀ’ ಎಂಬ ಬೋರ್ಡು ಕಂಡರೆ ಮಾವ ಚಪ್ಪಲಿ ಕಳಚಿ ನಿಂತು ಸಣ್ಣ ಅಕ್ಷರ ಓದುತ್ತಾರೆ.

ಏಳು ಜನ, ಆರು ಡ್ರಿಂಕ್. ಏಳನೆಯವರು ಮಾವನೇ. ಅವರು ನೀರು ಕೇಳುತ್ತಾರೆ. ಹೊರಗಿನ ತಿಂಡಿ ತಡೆಯುವ ಹಕ್ಕು ಥಿಯೇಟರಿಗಿದೆ, ಕುಡಿಯುವ ನೀರನ್ನು ಮಾತ್ರ ಪುಕ್ಕಟೆ ಕೊಡಬೇಕು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಕೌಂಟರಿನ ಹುಡುಗನಿಗೆ ವಿವರಿಸಿ, ಬಾಟಲಿ ತೋರಿಸುವ ಅವನನ್ನು ಫಿಲ್ಟರಿನವರೆಗೆ ನಡೆಸಿಕೊಂಡು ಹೋಗುತ್ತಾರೆ. ಅತ್ತೆಯ ವ್ಯಾನಿಟಿ ಬ್ಯಾಗಿನ ಕೋಡುಬಳೆ ಬಗ್ಗೆ ಮಾತ್ರ ಅದೇ ತೀರ್ಪಿನ ಮೊದಲರ್ಧವನ್ನು ನೆನೆಸಿಕೊಳ್ಳುವುದಿಲ್ಲ.

ಕೊನೆಯ ಅಂಕ ಹಂಚಿಕೆ. ಒಟ್ಟು 3,915.30. ಏಳರಿಂದ ಭಾಗಿಸಿ ಮುಗಿಸುವವರು ಸೋಮಾರಿಗಳು, ಅದರಲ್ಲಿ ಬಾವನ ರಿಕ್ಲೈನರಿಗೆ ಎಲ್ಲರೂ ಚಂದಾ ಎತ್ತಿದ ಹಾಗಾಗುತ್ತದೆ ಎಂದು ಮಾವನ ವಾದ. ಸೀಟಿನ ಬೆಲೆ ಅವರವರದು, ಶುಲ್ಕ ತಲಾ 35.40, ತಿಂಡಿ ತಲಾ 220.50. ಪ್ರೈಮ್‌ನವರಿಗೆ 491.90, ರಿಕ್ಲೈನರಿನವರಿಗೆ 727.90. ಶನಿವಾರದ ಉಪವಾಸ ಬುಧವಾರಕ್ಕೂ ಹಿಗ್ಗಿಸಿಕೊಂಡಿದ್ದ ಚಿಕ್ಕಮ್ಮ ‘ನಾನು ಒಂದು ಕಾಳೂ ಮುಟ್ಟಿಲ್ಲ’ ಎಂದರು. ಅವರನ್ನು ಬಿಟ್ಟರೆ ಉಳಿದವರಿಗೆ ತಿಂಡಿ 257.25 ಆಗುತ್ತದೆ. ಎರಡು ದಿನ ಗ್ರೂಪಿನಲ್ಲಿ ಚರ್ಚೆ ನಡೆದು, ಚಿಕ್ಕಮ್ಮ ಕೂಲ್‌ಡ್ರಿಂಕ್ ಕುಡಿದದ್ದರ ಫೋಟೊ ಸಿಕ್ಕಿತು.

ನಿಮ್ಮ ಬಳಗದಲ್ಲೂ ಒಬ್ಬ ಟಿಕೆಟ್ ಮಾವ ಇರುತ್ತಾರೆ. ದಯವಿಟ್ಟು ಅವರಿಗೆ 500 ಕಳಿಸಿ ‘ಚಿಲ್ಲರೆ ಇರಲಿ ಬಿಡಿ’ ಅನ್ನಬೇಡಿ. 491 ರೂಪಾಯಿ 90 ಪೈಸೆಯನ್ನೇ ಕಳಿಸಿ. ಇಲ್ಲದಿದ್ದರೆ ಎಂಟು ರೂಪಾಯಿ ಹತ್ತು ಪೈಸೆ ನಿಮ್ಮ ಖಾತೆಗೆ ಬಂದಿತೇ ಎಂದು ಕೇಳಲು ಅವರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ.