ಫ್ರಿಜ್ಜಿನ ಪಾದದರ್ಶನ

ಉಚ್ಚಿಲದಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡದೆ ಯಾರೂ ದುಡ್ಡು ಬಿಚ್ಚುವುದಿಲ್ಲ. ಅದೇ ಜನ ಮೊಬೈಲಿನಲ್ಲಿ ‘ಸೆಕೆಂಡ್ ಹ್ಯಾಂಡ್ ಫ್ರಿಜ್, ಒಳ್ಳೆ ಕಂಡೀಷನ್’ ಎಂಬುದನ್ನು ಕಂಡರೆ ಫೋಟೊ ನೋಡಿಯೇ ಮುಂಗಡ ಕಳಿಸಲು ತಯಾರು. ನಮ್ಮ ದೊಡ್ಡಮ್ಮನದು ಮಾತ್ರ ಎರಡೂ ಕಡೆ ಒಂದೇ ಕಣ್ಣು. ಹಿತ್ತಲ ಬಿಡಾರದ ಬಾಡಿಗೆಯವರಿಗೆಂದು ಅವರಿಗೊಂದು ಹಳೆ ಫ್ರಿಜ್ ಬೇಕಿತ್ತು. ಹುಡುಕುವ ಕೆಲಸ ನನ್ನದು, ಅನುಮಾನಪಡುವ ಕೆಲಸ ಅವರದು ಎಂದು ಹಂಚಿಕೆಯಾಯಿತು.

ಮೊದಲು ಸಿಕ್ಕಿದ್ದು ಬಲು ಚಂದದ ಫ್ರಿಜ್. ಹಿಂದೆ ಗೋಡೆಯಿಲ್ಲ, ಕೆಳಗೆ ನೆಲವಿಲ್ಲ, ಬಿಳಿ ಶೂನ್ಯದಲ್ಲಿ ನಿಂತಿದೆ. ಬಾಗಿಲು ತೆರೆದರೆ ಕೆಂಪು ಸೇಬು, ಹಳದಿ ಕ್ಯಾಪ್ಸಿಕಂ, ಕಿತ್ತಳೆ ಜ್ಯೂಸು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು, “ಇದರಲ್ಲಿ ನಿನ್ನೆಯ ಸಾರಿನ ಪಾತ್ರೆ ಎಲ್ಲುಂಟು ಮಗಾ?” ಎಂದರು. ಅಷ್ಟೇ ಸಾಕಾಯಿತು. ಅದು ಕಂಪನಿಯವರ ಜಾಹೀರಾತಿನ ಚಿತ್ರ. ಹಾಕಿದವರು ಮೋಸಗಾರರೇ ಆಗಬೇಕೆಂದಿಲ್ಲ, ಫೋಟೊ ತೆಗೆಯಲು ಸೋಮಾರಿತನವೂ ಇರಬಹುದು. ಆದರೆ ಹೊಸ ಮಾಲಿಗೆ ಸಲ್ಲುವ ಆ ಚಿತ್ರ ಹಳೆ ಮಾಲಿಗೆ ಸಲ್ಲದು. ಮಾಡೆಲ್ ಯಾವುದೆಂದು ಅದು ಹೇಳೀತು, ಎಂಟು ವರ್ಷ ಉಪ್ಪುಗಾಳಿ ಕುಡಿದ ಈ ಫ್ರಿಜ್ಜಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಎರಡನೆಯದು ಯಾರದೋ ಮನೆಯ ಅಡುಗೆಕೋಣೆಯಲ್ಲೇ ಇತ್ತು. ‘ಕಾಪುವಿನಲ್ಲಿ ಲಭ್ಯ’ ಎಂಬ ಒಕ್ಕಣೆ ಬೇರೆ. ದೊಡ್ಡಮ್ಮನ ಕಣ್ಣು ಹಿಂದಿನ ಗೋಡೆಗೆ ಹೋಯಿತು. ಅಲ್ಲಿನ ಪ್ಲಗ್ಗಿನಲ್ಲಿ ನಮ್ಮ ಮೂರು ದುಂಡು ತೂತುಗಳಿಲ್ಲ, ಅಮೆರಿಕದ ಮನೆಗಳಲ್ಲಿರುವ ಚಪ್ಪಟೆ ಸೀಳುಗಳಿವೆ. ಕಾಪುವಿನ ಯಾವ ಎಲೆಕ್ಟ್ರಿಷಿಯನ್ ಇದನ್ನು ಕೂರಿಸಿದ? ಗೂಗಲ್ ಲೆನ್ಸಿಗೆ ಕೊಟ್ಟರೆ ಮೊದಲು ಏನೂ ಸಿಗಲಿಲ್ಲ. ಆಮೇಲೆ ಬಾಗಿಲಿನ ಮೇಲಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುವುದು ಗಮನಕ್ಕೆ ಬಂತು. ಕದ್ದ ಚಿತ್ರ ಸುಲಭಕ್ಕೆ ಸಿಕ್ಕಿಬೀಳದಿರಲೆಂದು ಎಡಬಲ ಅದಲುಬದಲು ಮಾಡುವವರಿದ್ದಾರೆ. ನಾನು ಅದನ್ನು ಮತ್ತೆ ತಿರುಗಿಸಿ, ಫ್ರಿಜ್ ಮಾತ್ರ ಉಳಿಯುವಂತೆ ಕತ್ತರಿಸಿ ಹುಡುಕಿದೆ. ಅದೇ ಫ್ರಿಜ್ ಅದೇ ಹೊತ್ತಿಗೆ ಇನ್ನೆರಡು ಊರುಗಳಲ್ಲೂ ಮಾರಾಟಕ್ಕಿತ್ತು.

ಮೂರನೆಯದು ನಿಜವಾಗಿ ನಮ್ಮ ಕಡೆಯದೇ. ಕಾವಿ ನೆಲ, ಗೋಡೆಯಲ್ಲಿ ಇದೇ ತಿಂಗಳ ಕ್ಯಾಲೆಂಡರ್. ಆದರೆ ಬಾಗಿಲ ಮೇಲಿನ ನಕ್ಷತ್ರದ ಚೀಟಿಯಲ್ಲಿ ಐದು ನಕ್ಷತ್ರ ಕಾಣುವಷ್ಟಕ್ಕೆ ಫೋಟೊ ಮುಗಿದಿತ್ತು. ನಕ್ಷತ್ರಕ್ಕಿಂತ ಮುಖ್ಯವಾದದ್ದು ಚೀಟಿಯ ಉಳಿದ ಭಾಗ: ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು, ಚೀಟಿ ಯಾವ ಅವಧಿಯದು ಎಂಬುದೆಲ್ಲ ಅಲ್ಲಿರುತ್ತದೆ. ನಕ್ಷತ್ರದ ಮಾನದಂಡವನ್ನು ಆಗಾಗ ಬಿಗಿ ಮಾಡುತ್ತಾರೆ, ಫ್ರಿಜ್ಜಿಗೆ 2023ರ ಜನವರಿಯಲ್ಲೂ ಮಾಡಿದರು. ಹಾಗಾಗಿ ಹಳೆಯ ಐದು ನಕ್ಷತ್ರ ಈಗಿನ ಐದಕ್ಕೆ ಸಮವಲ್ಲ. ಇಸವಿ ಕತ್ತರಿಸಿದ ನಕ್ಷತ್ರದಿಂದ ಫ್ರಿಜ್ಜಿನ ವಯಸ್ಸೂ ತಿಳಿಯದು, ಕರೆಂಟ್ ಬಿಲ್ಲೂ ತಿಳಿಯದು.

ಇನ್ನು ಅದರ ಪಾದ. ಮೇಲಿನದೆಲ್ಲ ಸ್ಪಷ್ಟ, ಕೆಳಗಿನ ಒಂದು ಗೇಣು ಮಾತ್ರ ಮಂಜು. ಕೈ ನಡುಗಿದರೆ ಇಡೀ ಫೋಟೊ ಮಸುಕಾಗುತ್ತದೆ, ನೇರ ಗೆರೆ ಎಳೆದಂತೆ ಕೆಳಗಷ್ಟೇ ಆಗುವುದಿಲ್ಲ. ಕಡಲ ಬದಿಯ ಮನೆಗಳಲ್ಲಿ ಫ್ರಿಜ್ಜಿಗೆ ತುಕ್ಕು ಹತ್ತುವುದೇ ಅಲ್ಲಿಂದ. ನೆಲ ಒರೆಸಿದ ನೀರು, ಮಳೆಗಾಲದ ಥಂಡಿ, ಉಪ್ಪುಗಾಳಿ ಮೂರೂ ಸೇರುವುದು ಪಾದದಲ್ಲಿ.

ಮಸುಕೆಲ್ಲ ಮೋಸವೆಂದೂ ಅಲ್ಲ. ಸ್ಕೂಟರಿನ ನಂಬರ್ ಪ್ಲೇಟನ್ನೋ ಮಗುವಿನ ಮುಖವನ್ನೋ ಅಳಿಸಿದರೆ ಅದು ಎಚ್ಚರಿಕೆ. ಕೊಳ್ಳುವವನು ನೋಡಲೇಬೇಕಾದ ಜಾಗವನ್ನೇ ಅಳಿಸಿದ್ದರೆ ಕೇಳಬೇಕು, ಅಷ್ಟೆ.

“ಕೇಳುವುದು ಹೇಗೆ, ಅವರಿಗೆ ಬೇಜಾರಾದರೆ?” ಎಂದೆ.

“ಎಂತ ಬೇಜಾರು ಮಾರಾಯ? ಇವತ್ತಿನ ‘ಉದಯವಾಣಿ’ಯನ್ನು ಪಕ್ಕದಲ್ಲಿಟ್ಟು ಒಂದು ಫೋಟೊ ತೆಗೆದು ಕಳಿಸಲಿಕ್ಕೆ ಹೇಳು.”

1970ರಿಂದ ಮಣಿಪಾಲದಲ್ಲಿ ಅಚ್ಚಾಗುತ್ತಿರುವ ಪತ್ರಿಕೆ ಫ್ರಿಜ್ಜಿಗೂ ಸಾಕ್ಷಿ ಹೇಳುವ ಕಾಲ ಬಂತು. ಉಪಾಯವೇನೋ ಗಟ್ಟಿಯೇ: ಬೇರೆಯವರ ಚಿತ್ರ ಕದ್ದವನಿಗೆ ಇವತ್ತಿನ ಪೇಪರನ್ನೂ ಅದರೊಳಗೆ ನುಗ್ಗಿಸುವ ಹೆಚ್ಚಿನ ಕೆಲಸ ಬೀಳುತ್ತದೆ. ಜೊತೆಗೆ ಮಾಡೆಲ್, ಸೀರಿಯಲ್ ನಂಬರ್ ಇರುವ ಚೀಟಿಯ ಫೋಟೊವನ್ನೂ ಕೇಳಿದೆ.

ಅರ್ಧ ಗಂಟೆಯಲ್ಲಿ ಎರಡೂ ಬಂದವು. ನಂಬರ್ ಸ್ಪಷ್ಟ, ಪೇಪರ್ ಇವತ್ತಿನದೇ. ಆದರೆ ಆ ಪುಣ್ಯಾತ್ಮರು ಪೇಪರನ್ನು ಅಗಲವಾಗಿ ಬಿಡಿಸಿ ಫ್ರಿಜ್ಜಿನ ಪಾದಕ್ಕೆ ಸರಿಯಾಗಿ ಒರಗಿಸಿದ್ದರು.

“ಪೇಪರ್ ಸ್ವಲ್ಪ ಮೇಲೆ ಇಡಬಹುದಾ?” ಎಂದು ಬರೆದೆ. ಮತ್ತೆ ಫೋಟೊ ಬರಲಿಲ್ಲ, ರೇಟು ಮಾತ್ರ ಎರಡು ಸಾವಿರ ಇಳಿಯಿತು.

“ನೋಡು, ತುಕ್ಕು ಎಷ್ಟುಂಟು ಅಂತ ಅವರೇ ಲೆಕ್ಕ ಹಾಕಿ ಕೊಟ್ಟರು,” ಎಂದರು ದೊಡ್ಡಮ್ಮ. “ಇನ್ನು ರಿಪೇರಿಯವನನ್ನು ಕರ್ಕೊಂಡು ಹೋಗಿ ನೋಡಿ ಬಾ. ಮುಂಗಡ ಗಿಂಗಡ ಎಲ್ಲ ಅಲ್ಲಿ ಹೋದ ಮೇಲೆ.”