ರಾಯರ ಮಾದರಿ ಪತ್ರ

ತಾಲ್ಲೂಕು ಕೇಂದ್ರವಾಗಿರುವ ಯಾವ ಊರಿಗೇ ಹೋಗಿರಿ, ಉಪನೋಂದಣಾಧಿಕಾರಿಗಳ ಕಛೇರಿಯ ಎದುರಿಗೆ, ಜೆರಾಕ್ಸ್ ಅಂಗಡಿಗೂ ಎಳನೀರಿನ ಗಾಡಿಗೂ ನಡುವಣ ಕಿರಿದಾದ ಮಳಿಗೆಯೊಂದರಲ್ಲಿ, ಒಂದು ಗಣಕಯಂತ್ರ, ಒಂದು ಮುದ್ರಣಯಂತ್ರ, ಹೆಬ್ಬೆಟ್ಟೊತ್ತುವವರಿಗಾಗಿ ಒಂದು ಶಾಯಿಯ ಪೆಟ್ಟಿಗೆ, ಇವಿಷ್ಟರ ಹಿಂದೆ ಪತ್ರಬರಹದ ರಾಯರು ಆಸೀನರಾಗಿರುವುದನ್ನು ಕಾಣುವಿರಿ. ಅವರು ಹುಟ್ಟಿನಿಂದ ಗೌಡರಾಗಿರಬಹುದು, ಶೆಟ್ಟರಾಗಿರಬಹುದು, ಸಾಹೇಬರೇ ಆಗಿರಬಹುದು. ಆ ಕುರ್ಚಿಯಲ್ಲಿ ಕುಳಿತಮೇಲೆ ರಾಯರೇ. ಅವರ ಆಸ್ತಿಯೆಂದರೆ ಒಂದು ಕ್ರಯಪತ್ರ. ಹತ್ತಾರು ವರ್ಷಗಳ ಹಿಂದೆ ಯಾರೋ ವಿದ್ವಾಂಸರಾದ ವಕೀಲರು ಯಾರಿಗೋ ಬರೆದುಕೊಟ್ಟ ಆ ಪತ್ರ ಅವರ ಕೈಗೆ ಹೇಗೋ ಬಂದು ಸೇರಿ, ಅಂದಿನಿಂದ ಇಂದಿನವರೆಗೆ ಆ ತಾಲ್ಲೂಕಿನಲ್ಲಿ ಮಾರಾಟವಾದ ನಿವೇಶನಗಳೂ ಹೊಲಗಳೂ ಹೆಂಚಿನ ಮನೆಗಳೂ ಅದರ ಗರ್ಭದಿಂದಲೇ ಜನಿಸಿ ಬಂದಿವೆ. ರಾಯರು ಅದನ್ನು ‘ಮಾದರಿ’ ಎಂದು ಕರೆಯುತ್ತಾರೆ. “ಇದರಲ್ಲಿ ಎಲ್ಲಾ ಇದೆ ಸ್ವಾಮಿ, ಹೆಸರು ಹಾಕಿದರೆ ಮುಗೀತು” ಎಂಬುದು ಅವರ ಸಿದ್ಧಾಂತ. ಎಲ್ಲವೂ ಇದೆ ಎಂಬ ಮಾತು ಅಕ್ಷರಶಃ ಸತ್ಯವೆಂಬುದು ಬರೆಸಿಕೊಂಡವರಿಗೆ ತಿಳಿಯುವುದು ಬಹಳ ತಡವಾಗಿ.

ಹಳೆಯ ಪತ್ರವನ್ನು ನೋಡಿ ಹೊಸದನ್ನು ಬರೆಯುವುದೇ ತಪ್ಪೆಂದು ನಾನು ಹೇಳಲಾರೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಒಕ್ಕಣೆ ವಿಜಯನಗರದ ಅರಸರ ದಾನಶಾಸನಗಳಲ್ಲಿ ಕಾಣುವಂಥದು. ಅರಸು ಹೋಯಿತು, ಅಗ್ರಹಾರಗಳು ಹೋದುವು, ಒಕ್ಕಣೆ ಮಾತ್ರ ತಾಮ್ರಪಟದಿಂದ ಛಾಪಾ ಕಾಗದಕ್ಕೆ ಇಳಿದು, ಇಂದು ಮೂರನೆಯ ಅಂತಸ್ತಿನ ಫ್ಲ್ಯಾಟೊಂದನ್ನು ಕೊಳ್ಳುವ ಗೃಹಸ್ಥನಿಗೂ ನೆಲದಡಿಯ ನಿಧಿಯ ಮೇಲೆ ನಿರಾಬಾಧವಾದ ಹಕ್ಕನ್ನು ದಯಪಾಲಿಸುತ್ತಿದೆ. ಅದರಿಂದ ಯಾರಿಗೂ ಕೇಡಿಲ್ಲ. ಕೇಡು ಹುಟ್ಟುವುದು ಹಳೆಯ ಮಾತು ಉಳಿದಾಗಲ್ಲ, ಹಳೆಯ ಮನುಷ್ಯ ಉಳಿದಾಗ.

ರಾಯರ ಕೆಲಸದ ಕ್ರಮವನ್ನು ಹತ್ತಿರ ನಿಂತು ನೋಡಬೇಕು. ಹಿಂದಿನ ವ್ಯವಹಾರದಲ್ಲಿ ಬರೆದುಕೊಟ್ಟವರು ರಾಮಯ್ಯ, ಇಂದಿನವರು ಸೋಮಯ್ಯ ಎಂದಿಟ್ಟುಕೊಳ್ಳೋಣ. ‘ಯ್ಯ’ ಎರಡಕ್ಕೂ ಸಮಾನವಾದುದರಿಂದ ಅದನ್ನು ಮತ್ತೆ ಒತ್ತುವ ಶ್ರಮವೇಕೆಂದು, ರಾಯರು ‘ರಾಮ’ ಎಂದಿರುವಲ್ಲೆಲ್ಲ ‘ಸೋಮ’ ಎಂದಾಗಲಿ ಎಂಬ ಒಂದೇ ಆಜ್ಞೆಯನ್ನು ಯಂತ್ರಕ್ಕೆ ಕೊಟ್ಟು ನಶ್ಯದ ಡಬ್ಬಿಗೆ ಕೈ ಹಾಕುತ್ತಾರೆ. ಯಂತ್ರಕ್ಕೆ ವ್ಯಾಕರಣ ತಿಳಿಯದು. ‘ಗ್ರಾಮ’ ಎಂಬುದರ ಹೊಟ್ಟೆಯಲ್ಲಿಯೂ ಒಬ್ಬ ರಾಮನನ್ನು ಕಂಡು ಅದು ಊರನ್ನು ‘ಗ್ಸೋಮ’ ಮಾಡಿತು. ‘ಕಾಗದಪತ್ರಗಳನ್ನು ಪರಾಮರ್ಶಿಸಿ’ ಎಂದಿದ್ದುದು ‘ಪಸೋಮರ್ಶಿಸಿ’ ಎಂದಾಯಿತು. ಇಂಥವು ಕಣ್ಣಿಗೆ ರಾಚುವುದರಿಂದ ಟೈಪು ಮಾಡುವ ಹುಡುಗನಾದರೂ ನಕ್ಕು ತಿದ್ದುತ್ತಾನೆ. ಆದರೆ ಎರಡನೆಯ ಪುಟದಲ್ಲಿ ಹಿಂದೆಂದೋ ‘ರಮಯ್ಯ’ ಎಂದು ಕೈತಪ್ಪಿ ಬಿದ್ದಿದ್ದ ಹೆಸರು, ತಪ್ಪಾಗಿದ್ದ ಒಂದೇ ಪುಣ್ಯದಿಂದ ಈ ಸಂಹಾರವನ್ನು ತಪ್ಪಿಸಿಕೊಂಡು, ಸೋಮಯ್ಯನ ಪತ್ರದಲ್ಲಿ ಚಿರಂಜೀವಿಯಾಗಿ ಕುಳಿತುಬಿಡುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದುದು ಹೆಸರೇ ಇಲ್ಲದ ವಾಕ್ಯಗಳ ಸಂಗತಿ. ರಾಮಯ್ಯ ಮಾರಿದ್ದು ಪಿತ್ರಾರ್ಜಿತ ಸ್ವತ್ತು. ಅವಿಭಕ್ತ ಹಿಂದೂ ಕುಟುಂಬದ ಯಜಮಾನನು ಅಂಥ ಸ್ವತ್ತನ್ನು ತನ್ನ ಖುಷಿಗಾಗಿ ಪರಭಾರೆ ಮಾಡುವಂತಿಲ್ಲ. ಕುಟುಂಬದ ಅವಶ್ಯಕತೆಗಾಗಿ ಮಾರಬಹುದು, ಆ ಅವಶ್ಯಕತೆ ಏನೆಂಬುದನ್ನು ಪತ್ರದಲ್ಲಿ ಕಾಣಿಸುವುದು ಕೊಳ್ಳುವವನ ಕ್ಷೇಮಕ್ಕೆ ಒಳ್ಳೆಯದು. ಆದಕಾರಣ ಆ ವಿದ್ವಾಂಸರಾದ ವಕೀಲರು, “ನಮ್ಮ ಕುಟುಂಬದ ಕಾನೂನುಬದ್ಧ ಅವಶ್ಯಕತೆಗಾಗಿಯೂ ಹಿರಿಯ ಮಗಳ ವಿವಾಹದ ಖರ್ಚಿಗಾಗಿಯೂ ನಾವುಗಳು ಈ ಸ್ವತ್ತನ್ನು ಮಾರಲು ಇಚ್ಛಿಸಿ” ಎಂದು ಬಹು ವಿವೇಚನೆಯಿಂದ ಬರೆದಿದ್ದರು. ಈ ವಾಕ್ಯದಲ್ಲಿ ರಾಮನೂ ಇಲ್ಲ, ಯಂತ್ರ ಹುಡುಕುವಂಥ ಯಾವ ಗುರುತೂ ಇಲ್ಲ. ಅದು ನಿಂತಲ್ಲಿಯೇ ನಿಂತಿತು. ಸೋಮಯ್ಯನಾದರೋ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ದುಡಿದು, ತನ್ನ ಸಂಬಳದ ಹಣದಿಂದಲೇ 30 ಅಡಿಗೆ 40 ಅಡಿಯ ಖಾಲಿ ನಿವೇಶನವೊಂದನ್ನು ಕೊಂಡಿದ್ದ, ನಲವತ್ತೆರಡು ವರ್ಷ ವಯಸ್ಸಿನ ಅವಿವಾಹಿತ.

ಹೀಗೆ ಕನ್ಯಾಪಿತೃವಾದ ಬ್ರಹ್ಮಚಾರಿ ನೋಂದಣಿ ಕಛೇರಿಗೆ ಹೋದ ದಿವಸ ಯಾರೂ ಏಕೆ ತಡೆಯಲಿಲ್ಲವೆಂದು ಕೇಳುವಿರಾದರೆ, ತಡೆಯುವುದು ಅಲ್ಲಿ ಯಾರ ಕೆಲಸವೂ ಅಲ್ಲ. ಬರೆದುಕೊಟ್ಟವರು ಇವರೇ ಹೌದೇ, ಬರೆದುಕೊಟ್ಟದ್ದನ್ನು ಒಪ್ಪುವರೇ, ಛಾಪಾ ಶುಲ್ಕ ಸಂದಿದೆಯೇ, ಸ್ವತ್ತನ್ನು ಗುರುತಿಸುವಷ್ಟು ವಿವರವಿದೆಯೇ, ಇಷ್ಟನ್ನು ಉಪನೋಂದಣಾಧಿಕಾರಿಗಳು ನೋಡುತ್ತಾರೆ. ಒಳಗಿನ ಮಾತು ನಿಜವೋ ಸುಳ್ಳೋ ಎಂಬ ವಿಚಾರಣೆ ಅವರದಲ್ಲ. ಸೋಮಯ್ಯ ಭಾವಚಿತ್ರಕ್ಕೆ ಮುಖ ಕೊಟ್ಟು, ಬೆರಳೊತ್ತಿ, ಪ್ರತಿಪುಟಕ್ಕೂ ರುಜು ಹಾಕಿದ. ಪತ್ರವನ್ನು ಓದಿದನೇ ಎಂದರೆ, ಓದಲು ಹೊರಟಿದ್ದನಂತೆ. “ಅದೆಲ್ಲಾ ಇರೋದೇ ಕಣಪ್ಪಾ, ಟೋಕನ್ ಕೂಗ್ತಿದಾರೆ, ಸೈನ್ ಹಾಕು” ಎಂದು ರಾಯರು ಅವಸರಪಡಿಸಿದರು. ಆ ಗಳಿಗೆಯಲ್ಲಿ ನೋಡಿದ್ದರೂ ಕೆಲಸ ಕೆಡುತ್ತಿರಲಿಲ್ಲ. ಆ ಸಾಲನ್ನು ಲೇಖನಿಯಿಂದ ಹೊಡೆದುಹಾಕಿ ಪಕ್ಕದಲ್ಲಿ ಬರೆದುಕೊಟ್ಟವರು ರುಜು ಮಾಡಿದರೆ ಅಂಥ ತಿದ್ದುವಿಕೆಯನ್ನು 1908ರ ನೋಂದಣಿ ಕಾಯಿದೆಯ 20ನೆಯ ಕಲಮು ಒಪ್ಪಿಕೊಳ್ಳುತ್ತದೆ. ಆದರೆ ಹಾಳೆಯ ಅಂದ ಕೆಡುವುದನ್ನು ರಾಯರು ಸಹಿಸರು. ಅವರ ಕಣ್ಣಿಗೆ ಶುದ್ಧ ಕ್ರಯಪತ್ರವೆಂದರೆ ಗೀಟಿಲ್ಲದ ಕ್ರಯಪತ್ರ.

ಪತ್ರವನ್ನು ಮೊಟ್ಟಮೊದಲು ಓದಿದವರು ಬ್ಯಾಂಕಿನ ವಕೀಲರು. ಕೊಂಡವರು ಮನೆ ಕಟ್ಟಲು ಸಾಲ ಬೇಡಿದ್ದರಿಂದ ಕಾಗದಗಳು ಅವರ ಮೇಜಿಗೆ ಹೋದುವು. ಇವರು ರಾಯರಿಗೆ ಹುಟ್ಟುಶತ್ರು: ಪತ್ರವನ್ನು ಕಡೆಯಿಂದ ಓದುವವರು. ಸೋಮಯ್ಯ ನಿವೇಶನವನ್ನು ಕೊಂಡಾಗಿನ ಪತ್ರವನ್ನು ಎಡಗಡೆಯೂ ಮಾರಿದ ಪತ್ರವನ್ನು ಬಲಗಡೆಯೂ ಇಟ್ಟುಕೊಂಡು, ಷೆಡ್ಯೂಲಿನ ಚಕ್ಕುಬಂದಿಯನ್ನು ದಿಕ್ಕುದಿಕ್ಕಿಗೂ ತಾಳೆ ನೋಡಿದರು. ಪೂರ್ವಕ್ಕೆ ರಸ್ತೆ, ಸರಿ. ದಕ್ಷಿಣಕ್ಕೂ ಉತ್ತರಕ್ಕೂ ನೆರೆಯವರ ನಿವೇಶನಗಳು, ಸರಿ. ಪಶ್ಚಿಮಕ್ಕೆ ‘ಇದೇ ಸ್ವತ್ತಿನಲ್ಲಿ ನಮಗೆ ಉಳಿದ ಜಾಗ’. ರಾಮಯ್ಯ ತನ್ನ ಹಿತ್ತಲಿನಲ್ಲಿ ಅರ್ಧವನ್ನು ಮಾರಿ ಅರ್ಧವನ್ನು ಉಳಿಸಿಕೊಂಡಿದ್ದ. ಸೋಮಯ್ಯನಿಗೆ ಪಶ್ಚಿಮದಲ್ಲಿ ಇದ್ದುದು ಪುರಸಭೆಯ ಚರಂಡಿ. ಅದರ ಕೆಳಗೆ ‘ಸದರಿ ಸ್ವತ್ತಿನಲ್ಲಿರುವ ಮೂರು ತೆಂಗಿನ ಮರಗಳು ಸಹಿತ’ ಎಂದಿತ್ತು. ಖಾಲಿ ನಿವೇಶನದಲ್ಲಿ ತೆಂಗು ಎಲ್ಲಿಂದ ಬರಬೇಕು? ಇಂಥ ಎಡವಟ್ಟನ್ನು ಕಾನೂನು ಕರ್ತರು ಮುಂದಾಗಿಯೇ ಊಹಿಸಿದ್ದರೆಂಬುದು ಬೇರೆ ಮಾತು. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯಿದೆಯ 95ನೆಯ ಕಲಮಿನ ಉದಾಹರಣೆಯಲ್ಲಿ ಒಬ್ಬಾತ ‘ಕಲ್ಕತ್ತೆಯಲ್ಲಿರುವ ನನ್ನ ಮನೆ’ಯನ್ನು ಮಾರುತ್ತಾನೆ, ಅವನಿಗೆ ಕಲ್ಕತ್ತೆಯಲ್ಲಿ ಮನೆಯೇ ಇಲ್ಲ, ಹೌರಾದಲ್ಲಿ ಇದೆ, ಕೊಂಡವನು ಪತ್ರವಾದಂದಿನಿಂದ ಅದರ ಸ್ವಾಧೀನದಲ್ಲಿದ್ದಾನೆ, ಆದಕಾರಣ ಪತ್ರ ಹೌರಾದ ಮನೆಗೇ ಸಂಬಂಧಿಸಿದುದೆಂದು ರುಜುವಾತುಪಡಿಸಬಹುದು. ಆದರೆ ರುಜುವಾತುಪಡಿಸಬೇಕಾದದ್ದು ನ್ಯಾಯಾಲಯದಲ್ಲಿ. ಬ್ಯಾಂಕಿಗೆ ಅಷ್ಟು ತಾಳ್ಮೆ ಎಲ್ಲಿಯದು?

ಮುಂದೆ ಕ್ರಯದ ಮೊಬಲಗು. ಅಂಕಿಯಲ್ಲಿ 24,00,000 ರೂಪಾಯಿ, ಅಕ್ಷರದಲ್ಲಿ ‘ಹದಿನೆಂಟು ಲಕ್ಷ ರೂಪಾಯಿಗಳು ಮಾತ್ರ’. ಅಂಕಿಯನ್ನು ಬದಲಿಸಿ ಅಕ್ಷರವನ್ನು ಮರೆಯುವುದು ಈ ಕಸುಬಿನ ನಿತ್ಯದೋಷ. ಚೆಕ್ಕಿನಲ್ಲಾದರೆ ಹೀಗೆ ವ್ಯತ್ಯಾಸ ಬಂದಾಗ ಅಕ್ಷರದ ಮೊತ್ತವೇ ಮೊತ್ತವೆಂದು 1881ರ ಕಾಯಿದೆಯೇ ಹೇಳಿದೆ. ಬೇರೆ ಪತ್ರಗಳಲ್ಲಿಯೂ ಸಾಮಾನ್ಯವಾಗಿ ಅಕ್ಷರಕ್ಕೇ ತೂಕ ಹೆಚ್ಚು. ಇದನ್ನು ಕೇಳಿದಾಗ ಕೊಂಡವರ ಮುಖದಲ್ಲಿ ಆರು ಲಕ್ಷದ ಒಂದು ಸಣ್ಣ ಕಾಂತಿ ಮಿನುಗಿತೆಂದೂ, ಹಣ ಬ್ಯಾಂಕಿನ ಮೂಲಕವೇ ಸಂದಾಯವಾಗಿ ಲೆಕ್ಕದ ಹಾಳೆಯಲ್ಲಿ ಇಪ್ಪತ್ತನಾಲ್ಕು ಲಕ್ಷ ಸ್ಪಷ್ಟವಾಗಿ ಕಾಣುತ್ತಿದ್ದುದರಿಂದ ಅದು ಕೂಡಲೇ ಆರಿತೆಂದೂ ಕೇಳಿದ್ದೇನೆ.

ಇದೆಲ್ಲವೂ ಚಿಲ್ಲರೆ. ವಕೀಲರು ನಡುವಿನ ಪುಟಕ್ಕೆ ಬಂದಾಗ ‘ನಾನು’ ಎಂದು ಹೊರಟ ಪತ್ರ ಇದ್ದಕ್ಕಿದ್ದಂತೆ ‘ನಾವುಗಳು’ ಎನ್ನತೊಡಗಿದ್ದನ್ನು ಕಂಡು ಲೇಖನಿಯನ್ನು ಕೈಗೆತ್ತಿಕೊಂಡರು. ಅನುಭವಸ್ಥರಿಗೆ ಇದಕ್ಕಿಂತ ಬಲವಾದ ಸುಳಿವು ಬೇಕಿಲ್ಲ: ಏಕವಚನ ಬಹುವಚನಕ್ಕೆ ತಿರುಗಿದ ಕಡೆ ಬೇರೆ ಯಾವುದೋ ಸಂಸಾರ ಒಳಗೆ ಬಂದಿರುತ್ತದೆ. ಅಲ್ಲಿಯೇ ಹಿರಿಯ ಮಗಳು ಸಿಕ್ಕಳು. ತಂದೆಯ ಅವಿಭಕ್ತ ಸ್ವತ್ತಿನಲ್ಲಿ ಮಗಳಿಗೂ ಮಗನಂತೆಯೇ ಜನ್ಮಸಿದ್ಧವಾದ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಕೊಟ್ಟಿರುವುದರಿಂದ, ವಕೀಲರು ತಮ್ಮ ಅಭಿಪ್ರಾಯಪತ್ರದಲ್ಲಿ, ಮಾರಾಟಗಾರರ ಹಿರಿಯ ಪುತ್ರಿ ಒಪ್ಪಿಗೆದಾರಳಾಗಿ ರುಜು ಮಾಡಿಲ್ಲವೆಂದೂ, ‘ಹಿರಿಯ’ ಎಂದಮೇಲೆ ಕಿರಿಯಳೊಬ್ಬಳಾದರೂ ಇರಲೇಬೇಕಾದುದರಿಂದ ಆಕೆಯ ರುಜುವೂ, ಅಪ್ರಾಪ್ತವಯಸ್ಕಳಾಗಿದ್ದರೆ ಆಕೆಯ ಬಗ್ಗೆ ತಕ್ಕ ಏರ್ಪಾಟೂ ಅಗತ್ಯವೆಂದೂ ಷರಾ ಬರೆದರು. ಸಾಲ ನಿಂತಿತು.

ಸೋಮಯ್ಯ ನಾಡಕಛೇರಿಗೆ ಅಲೆದು ತನಗೆ ಹೆಂಡತಿ ಮಕ್ಕಳು ಇಲ್ಲವೆಂದು ತೋರಿಸುವ ವಂಶವೃಕ್ಷವನ್ನು ಮಾಡಿಸಿದ. ಆ ವೃಕ್ಷದಲ್ಲಿ ಅವನ ಕೊಂಬೆ ಬೋಳಾಗಿದ್ದುದನ್ನು ಕಂಡು ಗ್ರಾಮಲೆಕ್ಕಿಗರು ಅನುಕಂಪದಿಂದ ಕಾಫಿ ಕುಡಿಸಿದರಂತೆ. ಬಳಿಕ ಇಬ್ಬರೂ ಪಕ್ಷಗಾರರು ಮತ್ತೆ ಒಟ್ಟಿಗೆ ಬಂದು ತಿದ್ದುಪಡಿ ಪತ್ರ ಬರೆದು ನೋಂದಾಯಿಸಬೇಕಾಯಿತು. ಒಬ್ಬರು ಬರುವುದಿಲ್ಲವೆಂದಿದ್ದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 26ನೆಯ ಕಲಮಿನಂತೆ ಸಿವಿಲ್ ದಾವೆಯೇ ಗತಿಯಾಗುತ್ತಿತ್ತು. ತಿದ್ದುಪಡಿಯಿಂದ ಮೂಲಪತ್ರ ಅಳಿಸಿಹೋಗುವುದೆಂದು ಸೋಮಯ್ಯ ನಂಬಿದ್ದ. ಹಾಗಾಗುವುದಿಲ್ಲ. ಮೂಲಪತ್ರ ದಫ್ತರದಲ್ಲಿ ಹಾಗೆಯೇ ಇರುತ್ತದೆ. ಪುತ್ರಿಯ ವಿವಾಹವೆಂದಿರುವ ಕಡೆ ಸ್ವಂತ ಖರ್ಚು ವೆಚ್ಚವೆಂದು ಓದಿಕೊಳ್ಳತಕ್ಕದ್ದೆಂದು ಎರಡನೆಯ ಪತ್ರ ಹೇಳುತ್ತದೆ, ಅಷ್ಟೆ. ಶುಲ್ಕ ಕಟ್ಟಿ ದೃಢೀಕೃತ ನಕಲು ತೆಗೆಸಿದವರಿಗೆಲ್ಲ ಆ ಹುಡುಗಿ ಇನ್ನು ಮುಂದೆಯೂ ಕಾಣಿಸಿಕೊಳ್ಳುವಳು.

ತಿದ್ದುಪಡಿ ಪತ್ರವನ್ನು ಬರೆದವರೂ ರಾಯರೇ. ಬೇರೆಯವರ ಬಳಿಗೆ ಹೋಗುವುದು ಅಮರ್ಯಾದೆಯೆಂದು ಸೋಮಯ್ಯನೇ ಬಂದಿದ್ದ. ಬರಹದ ಹಣವನ್ನು ಕೇಳಿದಾಗ ಮಾತ್ರ ಅವನಿಗೆ ರೇಗಿತು. “ತಪ್ಪು ನಿಮ್ಮದು, ದುಡ್ಡು ನನ್ನದಾ ರಾಯರೇ?” ಎಂದ. ರಾಯರು ಕನ್ನಡಕವನ್ನು ಹಣೆಗೇರಿಸಿ, ಗಾಯಗೊಂಡ ಕಲಾವಿದನ ದೃಷ್ಟಿಯಿಂದ ಅವನನ್ನು ನೋಡಿದರು. “ನನ್ನ ಮಾದರೀಲಿ ಒಂದಕ್ಷರ ತಪ್ಪಿಲ್ಲ ಸೋಮಯ್ಯ. ನೀನು ಕಾಲಕ್ಕೆ ಸರಿಯಾಗಿ ಮದುವೆ ಮಾಡ್ಕೊಂಡಿದ್ದಿದ್ರೆ ಈ ಹೊತ್ತಿಗೆ ಎಲ್ಲಾ ಸರಿಹೋಗ್ತಿತ್ತು” ಎಂದು ಹೇಳಿ, ಹೊರಗೆ ಕಾದಿದ್ದ ಮುಂದಿನ ಕಕ್ಷಿಗಾರನನ್ನು ಒಳಕ್ಕೆ ಕರೆದು, ಹೆಸರೇನೆಂದು ವಿಚಾರಿಸತೊಡಗಿದರು.