ಅರ್ಧ ಬೆಳಕಿನ ಅಡುಗೆಮನೆ

ಬಿಕ್ಕೋಡಿನ ನಮ್ಮನೆಯಲ್ಲಿ ಎರಡು ಎಲ್‌ಇಡಿ ಪಟ್ಟಿ ಲೈಟುಗಳು ಒಂದೇ ವಾರದಲ್ಲಿ ಕೈಕೊಟ್ಟವು. ಹಾಲಿನದು ಇಡೀ ಕಣ್ಣು ಮಿಟುಕಿಸುತ್ತಿತ್ತು. ಅಡುಗೆಮನೆಯದು ಅರ್ಧ ಕಪ್ಪು, ಉಳಿದರ್ಧ ಮೊದಲಿಗಿಂತ ಜೋರು. "ವೋಲ್ಟೇಜ್ ಕಮ್ಮಿ" ಎಂದು ನಾನು ತೀರ್ಪು ಕೊಟ್ಟೆ. ಮಲೆನಾಡಿನಲ್ಲಿ ಎಲ್ಲಕ್ಕೂ ಅದೇ ತೀರ್ಪು.

ಅಡುಗೆಮನೆಯ ಲೈಟು ಬಿಚ್ಚಿದ ಎಲೆಕ್ಟ್ರಿಷಿಯನ್ ನಕ್ಕ. "ನೋಡಿ ಸಾರ್, ಈ ಚಿಪ್ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಗಣಪತಿ ಹಬ್ಬದ ಸೀರಿಯಲ್ ಸೆಟ್ ಥರ, ಒಂದು ಹೋದ್ರೆ ಆ ಸಾಲೇ ಹೋಯ್ತು."

ಪಟ್ಟಿಯಲ್ಲಿದ್ದದ್ದು ಎರಡು ಸಾಲು. ಡ್ರೈವರ್ ಮಾತ್ರ ಮೊದಲಿನಷ್ಟೇ ಕರೆಂಟ್ ತಳ್ಳುತ್ತದೆ. ಅಣ್ಣ ಬೆಂಗಳೂರಿಗೆ ಹೋದಮೇಲೆ ತೋಟದ ಕೆಲಸವೆಲ್ಲ ತಮ್ಮನ ಹೆಗಲಿಗೆ ಬಿದ್ದಂತೆ, ಅಷ್ಟೂ ಉಳಿದ ಸಾಲಿಗೆ. ಅದೂ ಕಾದು ಬೇಗ ಸಾಯುತ್ತದೆ.

ಹಾಲಿನದರಲ್ಲಿ ಕೆಟ್ಟಿದ್ದು ಡ್ರೈವರೋ ಚಿಪ್ಪೋ ಎಂಬ ಅನುಮಾನವಿತ್ತು. ಚಿಪ್ಪಿನ ಬೆಸುಗೆ ಸಡಿಲಾದರೂ ಲೈಟು ಮಿಟುಕುತ್ತದೆ. ಅಡುಗೆಮನೆಯದೂ ಅದೇ ಕಂಪನಿ, ಅದೇ 20 ವ್ಯಾಟ್. ಅದರ ಡ್ರೈವರ್ ಕಿತ್ತು ಇದಕ್ಕೆ ಹಾಕಿದ. ಮಿಟುಕು ನಿಂತಿತು. ಹಳೇ ಡ್ರೈವರಿನ ಕೆಪಾಸಿಟರ್ ತಲೆ ಪೂರಿಯಂತೆ ಉಬ್ಬಿತ್ತು.

ಸತ್ತ ಎರಡರಲ್ಲಿ ಒಂದು ಬದುಕಿತು. ನೀವೇ ಬಿಚ್ಚುವುದಾದರೆ ಮೇನ್ ಆರಿಸಿ, ಸ್ವಲ್ಪ ಹೊತ್ತು ಕಾಯಿರಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್ ಶಾಕ್ ಹೊಡೆಯಬಹುದು.